ಓದದೆ ಬಿಟ್ಟ ಸೂದಿನ ಪುಟ

ನಮ್ಮ ಮನೆಯಲ್ಲಿ ಸೂದ್ ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಸೂದ್ ಅಂದರೆ ಬಡ್ಡಿ. ಅದನ್ನು ತಿನ್ನುವುದೂ ಪಾಪ, ಕೊಡುವುದೂ ಪಾಪ ಎಂದು ಕಲಿತು ಬೆಳೆದವರು ನಾವು. ಹೀಗಿರುವಾಗ ಅಬ್ಬಾ ರಾಯಚೂರಿನ ಬ್ಯಾಂಕಿನಲ್ಲಿ ನಲವತ್ತು ಸಾವಿರ ಸಾಲ ಎತ್ತಲು ಹೊರಟಾಗ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿಕೊಂಡಿತು. ಬಡ್ಡಿಗೆ ಎಲ್ಲರೂ ‘ಬ್ಯಾಂಕಿನ ಖರ್ಚು’ ಅನ್ನತೊಡಗಿದೆವು. ಹೆಸರು ಬದಲಿಸಿದರೆ ಅಲ್ಲಾಹನಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆವೋ ಏನೋ.

ಅಬ್ಬಾ ದೇವದುರ್ಗದಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದರು. ಜಾಲಹಳ್ಳಿ, ಮಸರಕಲ್ ಕಡೆಯವರು ಬಾಗಿಲು, ಚೌಕಟ್ಟು, ಬಂಡಿಯ ನೊಗ ಅಂತ ಬರುತ್ತಿದ್ದರು. ಇಬ್ಬರು ಆಳುಗಳು ಕೈಗರಗಸ ಎಳೆದು ಒಂದು ದಿಮ್ಮಿ ಸೀಳುವಷ್ಟರಲ್ಲಿ ಗಿರಾಕಿ ಮಾನ್ವಿಗೆ ಹೋಗಿ ಅಲ್ಲಿಯ ಮಷೀನಿನಲ್ಲಿ ಕೊಯ್ಯಿಸಿಕೊಂಡು ಬಂದಿರುತ್ತಿದ್ದ. ಕರೆಂಟಿನ ಗರಗಸ ಕೊಳ್ಳದಿದ್ದರೆ ಅಡ್ಡೆ ಮುಚ್ಚುವುದೊಂದೇ ದಾರಿ. ಸಾಲಕ್ಕೆ ಸಹಿ ಹಾಕುವ ದಿನ ಅಬ್ಬಾ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ನಾನು ಪಿ.ಯು.ಸಿ. ಕಾಮರ್ಸ್ ಮುಗಿಸಿದ್ದೆ, ಇಂಗ್ಲಿಷ್ ಓದುತ್ತಿದ್ದೆ. ಅಣ್ಣ ಗರಗಸದ ಮುಂದೆ ಹುಲಿ. ಕಾಗದ ತೋರಿಸಿದರೆ ಅವನಿಗೆ ಬೆವರು.

ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಅಕ್ಷರಗಳು ಇರುವೆಯಷ್ಟು ಸಣ್ಣವು. ಮ್ಯಾನೇಜರು, "ಓದಿ ನೋಡ್ರಿ, ಅವಸರ ಏನಿಲ್ಲ" ಅಂದರು. ಅದು ಅವರ ದೊಡ್ಡ ಗುಣ. ನಾನು ಬುರ್ಖಾದ ಮುಖಪರದೆ ಮೇಲೆತ್ತಿಕೊಂಡು ಓದಿ ಓದಿ ಅಬ್ಬಾಗೆ ನಮ್ಮ ಮನೆಮಾತು ದಖ್ಖನಿಯಲ್ಲಿ ಹೇಳುತ್ತಾ ಹೋದೆ. ಮಷೀನು ಬ್ಯಾಂಕಿನ ಒತ್ತೆ, ಅದಕ್ಕೆ ವಿಮೆ ಮಾಡಿಸಬೇಕು, ಕೇಳದೆ ಮಾರುವಂತಿಲ್ಲ. ಅಬ್ಬಾ ಒಂದೊಂದಕ್ಕೂ ತಲೆಯಾಡಿಸಿದರು. ಮೂರನೆಯ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬಡ್ಡಿ ಎಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲೇ ಅಬ್ಬಾ ಕೈ ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ, "ವೊ ನಕ್ಕೋ ಪಢ್ ಬೇಟಾ" ಅಂದರು. ಅದನ್ನು ಓದಬೇಡ ಮಗಳೇ. ನಮ್ಮ ಪಕ್ಕದ ಬೆಂಚಿನಲ್ಲಿ ದೇವದುರ್ಗದ ಒಬ್ಬ ಕಿರಾಣಿ ವ್ಯಾಪಾರಿ, ನಮ್ಮ ಜಮಾತಿನವನೇ, ಚೆಕ್ಕು ಹಿಡಿದು ಕೂತಿದ್ದ. ಅವನ ಕಿವಿಗೆ ಆ ಮಾತು ಬೀಳುವುದು ಅಬ್ಬಾಗೆ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬೇಕಿರಲಿಲ್ಲ. ನಾನು ಪುಟ ತಿರುವಿದೆ. ಅಬ್ಬಾ ಉರ್ದುವಿನಲ್ಲಿ ಸಹಿ ಹಾಕಿದರು.

ಖರ್ಚು ಎಷ್ಟು ಎಂಬುದು ಅಬ್ಬಾಗೆ ಗೊತ್ತಿರಲಿಲ್ಲ ಅಂತಲ್ಲ. ಮಷೀನು ಮಾರಿದ ಕಂಪನಿಯವನು ನೂರಕ್ಕೆ ಹದಿಮೂರರ ಲೆಕ್ಕ ಹಿಡಿದು, ತಿಂಗಳಿಗೆ ಒಂಬೈನೂರ ಹತ್ತರಂತೆ ಐದು ವರ್ಷ, ಯಾವ ತಿಂಗಳು ಎಷ್ಟು ಉಳಿಯುತ್ತದೆ ಅಂತ ಒಂದು ಹಾಳೆಯಲ್ಲಿ ಗೆರೆ ಹೊಡೆದು ಬರೆದುಕೊಟ್ಟಿದ್ದ. ಅಬ್ಬಾ ಅದನ್ನೇ ನಂಬಿದರು. ಪ್ರತಿ ತಿಂಗಳು ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಕಂತು ಕಟ್ಟಿ ಬರುತ್ತಿದ್ದರು, ಒಂದು ತಿಂಗಳೂ ತಪ್ಪಿಸಲಿಲ್ಲ. ಗರಗಸ ಚೆನ್ನಾಗಿ ನಡೆಯಿತು. ಮಾನ್ವಿಗೆ ಹೋಗುತ್ತಿದ್ದ ಗಿರಾಕಿಗಳು ತಿರುಗಿ ಬಂದರು.

ಮೂರು ವರ್ಷ ಕಳೆದ ಮೇಲೆ ಹಜ್ ಯಾತ್ರೆಗೆ ಹೋಗುವವರನ್ನು ಆರಿಸಲು ಎತ್ತುವ ಚೀಟಿಯಲ್ಲಿ ಅಬ್ಬಾ ಹೆಸರು ಬಂತು. ಬೊಂಬಾಯಿಯಿಂದ ಹಡಗು. ಮನೆಯಲ್ಲಿ ಮಿಠಾಯಿ ಹಂಚಿದರು, ಆದರೆ ಅಬ್ಬಾ ಸಿಹಿ ಮುಟ್ಟಲಿಲ್ಲ. ಸಾಲ ಹೊತ್ತವನು, ಅದರಲ್ಲೂ ಸೂದಿನ ಸಾಲ ಹೊತ್ತವನು, ಯಾವ ಮುಖ ಇಟ್ಟುಕೊಂಡು ಕಾಬಾದ ಮುಂದೆ ನಿಲ್ಲುವುದು? ಹಡಗು ಹತ್ತುವ ಮುಂಚೆ ಬ್ಯಾಂಕಿನ ಬಾಬತ್ತು ಮುಗಿಸಿಬಿಡಬೇಕು ಅಂತ ಹಟ ಹಿಡಿದರು. ಹಾಳೆಯ ಪ್ರಕಾರ ಉಳಿದದ್ದು ಹತ್ತೊಂಬತ್ತು ಸಾವಿರದ ನೂರ ನಲವತ್ತು. ತೇಗದ ದಾಸ್ತಾನು ಪೂರ್ತಿ ಮಾರಿ ಅಷ್ಟು ಹಣ ಜೋಡಿಸಿದರು. ಯಾತ್ರೆಯ ಹಣ ಆಗಲೇ ಕಟ್ಟಿಯಾಗಿತ್ತು, ಕೈಯಲ್ಲಿ ಬೇರೆ ಏನೂ ಉಳಿಯಲಿಲ್ಲ.

ಮತ್ತೆ ನನ್ನನ್ನೇ ಕರೆದುಕೊಂಡು ಹೋದರು. ಮ್ಯಾನೇಜರು ಅವರೇ. ಅಬ್ಬಾ ಕರವಸ್ತ್ರದ ಗಂಟು ಮೇಜಿನ ಮೇಲಿಟ್ಟು, "ಸಾಹೇಬ್ರ, ಇವತ್ತ ಪೂರಾ ಮುಗಿಸಿಬಿಡ್ರಿ. ಹಜ್‌ಗೆ ಹೊಂಟೀನಿ" ಅಂದರು. ದನಿಯಲ್ಲಿ ಹೆಮ್ಮೆ ಇತ್ತು. ಮ್ಯಾನೇಜರು ಲೆಡ್ಜರು ತರಿಸಿ, ಕೂಡಿಸಿ, ಮತ್ತೊಮ್ಮೆ ಕೂಡಿಸಿ, "ಇಪ್ಪತ್ತೊಂದು ಸಾವಿರದ ಮ್ಯಾಲ ಆಗ್ತದ್ರೀ" ಅಂದರು.

ಅಬ್ಬಾ ನಕ್ಕರು. ತಪ್ಪು ಬ್ಯಾಂಕಿನದೇ ಅಂದುಕೊಂಡು ನಕ್ಕ ನಗು ಅದು. ಕಿಸೆಯಿಂದ ಆ ಹಾಳೆ ತೆಗೆದು ಬಿಡಿಸಿ ತೋರಿಸಿದರು. ಮ್ಯಾನೇಜರು ಅದನ್ನು ನೋಡಿ, "ಇದು ನಮ್ಮ ಬ್ಯಾಂಕಿಂದಲ್ರೀ. ಕರಾರಿನ್ಯಾಗ ಎಲ್ಲಾ ಅದ. ನಿಮ್ಮ ಮಗಳು ಓದ್ಯಾಳಲ್ಲ?" ಅಂದರು. ನನ್ನ ಕಿವಿಯವರೆಗೂ ಬಿಸಿಯಾಯಿತು. ಕೌಂಟರಿನ ಮುಂದೆ ನಿಂತಿದ್ದವರೆಲ್ಲ ಇತ್ತ ತಿರುಗಿದ್ದರು.

"ಓದು" ಅಂದರು ಅಬ್ಬಾ. ಈ ಸಲ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ. ಮ್ಯಾನೇಜರು ಮುಂದಿಟ್ಟ ಕರಾರಿನಲ್ಲಿ ನಾನು ಮೂರನೆಯ ಪುಟ ತೆಗೆದೆ.

ಸಾಲ ಮಂಜೂರು ಮಾಡಿದ್ದಕ್ಕೆ, ಕಾಗದಪತ್ರ ಮಾಡಿಸಿದ್ದಕ್ಕೆ ನೂರಕ್ಕೆ ಒಂದರಂತೆ ಶುಲ್ಕ. ಅದನ್ನು ಕೈಯಿಂದ ಕೇಳುವುದಿಲ್ಲ, ಸಾಲಕ್ಕೇ ಸೇರಿಸುತ್ತಾರೆ. ಹೀಗಾಗಿ ನಮ್ಮ ಸಾಲ ಮೊದಲ ದಿನದಿಂದಲೇ ನಲವತ್ತು ಸಾವಿರದ ನಾನೂರು, ಆ ನಾನೂರಕ್ಕೂ ಬಡ್ಡಿ. ಆರು ತಿಂಗಳಿಗೊಮ್ಮೆ ಒಬ್ಬ ಅಧಿಕಾರಿ ಬಂದು ಮಷೀನು ನೋಡಿ ಹೋಗುವುದಕ್ಕೆ ಐವತ್ತು ರೂಪಾಯಿ, ಅದೂ ಸಾಲಕ್ಕೇ. ಅವನಿಗೆ ನಾವು ಪ್ರತಿ ಸಲ ಚಹಾ, ಖಾರಾ ಕೊಟ್ಟು ಕಳಿಸಿದ್ದೆವು. ಇನ್ನು ಬಡ್ಡಿ ಹದಿಮೂರು ಎಂದು ಬರೆದೇ ಇರಲಿಲ್ಲ. ಮೇಲಿನ ದೊಡ್ಡ ಬ್ಯಾಂಕು ಗೊತ್ತುಮಾಡಿದ ದರಕ್ಕಿಂತ ನಾಲ್ಕು ಹೆಚ್ಚು, ಆ ದರ ಏರಿದರೆ ಇದೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಆದರೆ ಹದಿಮೂರಕ್ಕಿಂತ ಕೆಳಗೆ ಎಂದೂ ಇಳಿಯದು. ಸಹಿ ಹಾಕಿದ ದಿನ ಮೇಲಿನ ದರ ಒಂಬತ್ತಿತ್ತು. ಒಂದು ವರ್ಷದ ಮೇಲೆ ಹತ್ತಾಗಿತ್ತು. ಅಲ್ಲಿಂದ ನಮ್ಮದು ಹದಿನಾಲ್ಕು. ಕಂತು ಅಷ್ಟೇ ಉಳಿದು, ಅದರೊಳಗೆ ಬಡ್ಡಿಯ ಪಾಲು ಹೆಚ್ಚಿ, ಅಸಲಿಗೆ ಹೋಗುವ ಪಾಲು ಕಡಿಮೆಯಾಗಿತ್ತು.

"ನಮಗ್ಯಾಕ ಹೇಳಲಿಲ್ರೀ?" ಅಂತ ಅಬ್ಬಾ ಕೇಳಿದರು.

ಅದಕ್ಕೂ ಮುಂದಿನ ಸಾಲಿನಲ್ಲೇ ಉತ್ತರವಿತ್ತು. ದರ ಬದಲಾದದ್ದನ್ನು ಶಾಖೆಯ ನೋಟೀಸ್ ಬೋರ್ಡಿಗೆ ಹಚ್ಚಿದರೆ ಸಾಲಗಾರನಿಗೆ ತಿಳಿಸಿದಂತೆಯೇ. ಬೋರ್ಡು ಹಣ ಕಟ್ಟುವ ಕಿಂಡಿಯ ಪಕ್ಕದಲ್ಲೇ ಇತ್ತು. ಅಬ್ಬಾ ಅದಕ್ಕೆ ಭುಜ ತಾಗಿಸಿಕೊಂಡು ಎಷ್ಟು ಸಲ ಸಾಲಿನಲ್ಲಿ ನಿಂತಿದ್ದರೋ. ನೋಟೀಸು ಇಂಗ್ಲಿಷಿನಲ್ಲಿ.

ಆಮೇಲೆ ಕೊನೆಯ ಕಲಮು. ಅವಧಿಗೆ ಮುಂಚೆ ಸಾಲ ಪೂರ್ತಿ ತೀರಿಸುವವನು ಮೂರು ತಿಂಗಳು ಮೊದಲೇ ಬರೆದು ತಿಳಿಸಬೇಕು, ಇಲ್ಲದಿದ್ದರೆ ಉಳಿದ ಬಾಕಿಯ ಮೇಲೆ ನೂರಕ್ಕೆ ಎರಡು ಹೆಚ್ಚಿಗೆ ಕೊಡಬೇಕು. ಮ್ಯಾನೇಜರು ಹೇಳಿದ ಇಪ್ಪತ್ತೊಂದು ಸಾವಿರದಲ್ಲಿ ಅದೂ ಸೇರಿತ್ತು. "ಸಾಲ ತೀರಸಾಕ ಬಂದ್ರ ದಂಡ ಏನ್ರೀ?" ಅಂದರು ಅಬ್ಬಾ. ಜಗಳದ ದನಿಯಲ್ಲ ಅದು. ನಿಜವಾಗಿ ತಿಳಿಯದೆ ಕೇಳಿದ್ದು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅಬ್ಬಾ ತಲೆ ತಗ್ಗಿಸಿದರು. ಅಡ್ಡೆಯಲ್ಲಿ ದಿಮ್ಮಿಯನ್ನು ಒಮ್ಮೆ ನೋಡಿ ಎಷ್ಟು ಹಲಗೆ ಬರುತ್ತದೆ ಅಂತ ಹೇಳುವ ಮನುಷ್ಯ. ಅವರನ್ನು ಹಾಗೆ ನೋಡಲಾಗದೆ, ನೋಡಲು ಬೇರೇನೂ ಇಲ್ಲದೆ, ನಾನು ಕಾಗದವನ್ನೇ ನೋಡಿದೆ. ಆ ಕಲಮಿನ ಬಾಲದಲ್ಲಿ ಇನ್ನೂ ಎರಡು ಸಾಲು ಉಳಿದಿದ್ದವು. ಸಾಲದ ಒಂದು ಭಾಗವನ್ನಷ್ಟೇ ಮುಂಚಿತವಾಗಿ ಕಟ್ಟಿದರೆ ಈ ಹೆಚ್ಚಿಗೆ ಹಣ ಇಲ್ಲ. ಕಂತು ಅಷ್ಟೇ ಇರುತ್ತದೆ, ಅವಧಿ ಕಡಿಮೆಯಾಗುತ್ತದೆ.

ಮ್ಯಾನೇಜರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ಹೌದ್ರೀ, ಖರೆ" ಅಂದರು. ಹತ್ತೊಂಬತ್ತು ಸಾವಿರ ಆವತ್ತೇ ಕಟ್ಟಿದೆವು. ಉಳಿದದ್ದು ಸಾವಿರದ ಆರುನೂರ ಚಿಲ್ಲರೆ. ಎರಡು ಕಂತು. ಮೊದಲನೆಯದರ ದಿನ ಹಡಗು ಹತ್ತುವ ಮುಂಚೆಯೇ ಬರುತ್ತಿತ್ತು. ಇನ್ನೊಂದರ ದಿನ ಬರುವ ಹೊತ್ತಿಗೆ ಅಬ್ಬಾ ಮಕ್ಕಾದಲ್ಲಿ ಇರುತ್ತಿದ್ದರು.

ಆ ಒಂದು ಕಂತು ಅವರ ನಿದ್ದೆ ಕೆಡಿಸಿತು. ಯಾರ ಹತ್ತಿರವಾದರೂ ಕೈಗಡ ತರೋಣ ಅಂದರೆ, ಯಾತ್ರೆಗೆ ಹೊರಟವನಿಗೆ ಹೊಸ ಸಾಲವೇ ಎಂಬ ನಾಚಿಕೆ. ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರನ್ನು ಕೇಳಿದರು. ಸಾಲ ಕೊಟ್ಟವನು ಒಪ್ಪಿ ಕಳಿಸಿದರೆ, ಹಿಂದೆ ಕಟ್ಟುವವರು ಇದ್ದರೆ, ಹೋಗಬಹುದು ಅಂದರಂತೆ ಅವರು. ಇಷ್ಟನ್ನು ಕೇಳುವುದಕ್ಕೆ ಅಬ್ಬಾ ಸೂದ್ ಎಂಬ ಮಾತನ್ನು ಹಜರತರ ಮುಂದೆ ಬಾಯಿಬಿಟ್ಟು ಆಡಬೇಕಾಯಿತು. ಅವತ್ತು ಮನೆಗೆ ಬಂದು ಅಬ್ಬಾ ಊಟ ಮಾಡಲಿಲ್ಲ.

ಹಜ್‌ಗೆ ಹೋಗುವವರು ಕಂಡವರ ಹತ್ತಿರವೆಲ್ಲ ಹೋಗಿ ಆಡಿದ್ದು, ಮಾಡಿದ್ದು ಮಾಫಿ ಮಾಡಿ ಅಂತ ಕೇಳಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅಬ್ಬಾ ಅಡ್ಡೆಯ ಆಳುಗಳಿಂದ ಶುರುಮಾಡಿದರು. ಮಾನ್ವಿಗೆ ಹೋಗಿ ತಮ್ಮ ಅಕ್ಕನ ಕೈ ಹಿಡಿದು ಕೇಳಿ ಬಂದರು. ಮೊದಲನೆಯ ಕಂತು ಕಟ್ಟುವ ದಿನ ನನ್ನನ್ನು ಕರೆದುಕೊಂಡು ಬ್ಯಾಂಕಿಗೆ ಹೋದರು. ಕಟ್ಟಿದ ಮೇಲೆ ಮ್ಯಾನೇಜರ ಮುಂದೆ ಟೋಪಿ ಸರಿಮಾಡಿಕೊಂಡು ನಿಂತು, "ಸಾಹೇಬ್ರ, ನಿಮ್ಮದು ಒಂದು ಕಂತು ನನ್ನ ಮ್ಯಾಲ ಅದ. ನೀವು ಹೋಗು ಅಂದ್ರ ಹೋಗ್ತೀನಿ, ಬ್ಯಾಡ ಅಂದ್ರ ನಿಲ್ತೀನಿ" ಅಂದರು.

ಮ್ಯಾನೇಜರು ಗಲಿಬಿಲಿಗೊಂಡರು. "ಅಯ್ಯ, ನನ್ನ ರೊಕ್ಕ ಅಲ್ರೀ ಅದು, ಬ್ಯಾಂಕಿಂದು."

"ಬ್ಯಾಂಕಿಗೆ ಬಾಯಿ ಇಲ್ಲಲ್ರೀ. ನೀವ ಹೇಳಬೇಕು."

ಮ್ಯಾನೇಜರು ಕುರ್ಚಿಯಿಂದ ಎದ್ದು, "ಹೋಗಿ ಬರ್ರಿ. ನಮಗೂ ದುವಾ ಮಾಡ್ರಿ" ಅಂದರು. ಅಬ್ಬಾ ನನ್ನತ್ತ ಕೈ ತೋರಿಸಿ, "ಉಳಿದದ್ದು ಈಕಿ ಕಟ್ತಾಳ್ರೀ" ಅಂದರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆವು. ಬಿಸಿಲು ಸುಡುತ್ತಿತ್ತು. ಒಂದು ಬೇವಿನ ಮರದ ಕೆಳಗೆ ಅಬ್ಬಾ ನಿಂತರು. ನಾನು ಸುಸ್ತಾಗಿರಬೇಕು ಅಂದುಕೊಂಡೆ. ಅವರು ಎರಡೂ ಕೈ ಜೋಡಿಸಿದರು, ನನಗೆ. "ನಿನ್ನ ಓದಿಸಿದ್ದು ನಾನ. ಓದಬ್ಯಾಡ ಅಂದದ್ದೂ ನಾನ. ಅಷ್ಟು ಮಂದಿ ಮುಂದ ನಿನ್ನ ನಿಲ್ಲಿಸಿದೆ. ಮಾಫ್ ಕರ್ ದೇ ಬೇಟಾ."

ಹೀಗೆ ಕೇಳಿದಾಗ ಮಾಫ್ ಮಾಡಿದೆ ಎಂದು ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಹೋಗುವವರ ಮೇಲೆ ಭಾರ ಉಳಿಯುತ್ತದೆ. ನನಗದು ಗೊತ್ತಿತ್ತು. ಹೆತ್ತ ತಂದೆಗೆ ಆ ಮಾತು ಹೇಳಲು ನಾಲಿಗೆ ಏಳದೆ ನಾನು ಅವರ ಕೈ ಹಿಡಿದು ಕೆಳಗಿಳಿಸಲು ನೋಡಿದೆ. ಅವರು ಇಳಿಸಲಿಲ್ಲ. ದೇವದುರ್ಗದ ಬಸ್ಸು ಬಂದು ನಿಂತು, ಮಂದಿ ಹತ್ತಿ, ಹೊರಟೂ ಹೋಯಿತು. ನಾನು ಹೇಳುವವರೆಗೂ ಅಬ್ಬಾ ಹಾಗೆಯೇ ನಿಂತಿದ್ದರು.