ಖಾಲಿ ಇದ್ದ ಮನೆ

ಇಸ್ತ್ರಿಯಮ್ಮನ ಬಾಯಿ ಜೋರು. ಕೆಳಗೆ ಇಸ್ತ್ರಿ ಅಂಗಡಿ, ಮೇಲೊಂದು ಬಾಡಿಗೆ ಮನೆ. ಗಂಡ ಹೋದ ಮೇಲೆ ಎರಡನ್ನೂ ಒಬ್ಬಳೇ ನಿಭಾಯಿಸಿದವಳು. ಬೈದರೆ ಬೀದಿಗೆಲ್ಲ ಕೇಳಿಸುತ್ತಿತ್ತು, ಆದರೆ ಕೊಟ್ಟ ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಮೇಲಿನ ಮನೆಯ ಟೀಚರಮ್ಮ ಬಂದು ಐದೇ ತಿಂಗಳಾಗಿತ್ತು. ಕರಾರು ಹನ್ನೊಂದು ತಿಂಗಳಿನದು. ಒಂದು ದಿನ ಅವಳು ಅಂಗಡಿ ಮುಂದೆ ನಿಂತು, "ಅಕ್ಕಾ, ಮನೆ ಬಿಡ್ತೀನಿ. ನಮ್ಮ ಯಜಮಾನ್ರನ್ನ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಂತೆ. ಅಲ್ಲೇ ಹತ್ರ ರೂಮ್ ನೋಡ್ಬೇಕು," ಎಂದಳು.

"ಕರಾರಿನ ಪ್ರಕಾರ ಒಂದು ತಿಂಗಳು ಮುಂಚೆ ಹೇಳ್ಬೇಕು ಕಣೇ," ಎಂದ ಇಸ್ತ್ರಿಯಮ್ಮ ಅವಳ ಮುಖ ನೋಡಿ ದನಿ ತಗ್ಗಿಸಿದಳು. "ಹೋಗ್ಲಿ ಬಿಡು. ಬೇರೆ ಯಾರಾದ್ರೂ ಬೇಗ ಸಿಕ್ಕಿದ್ರೆ ನೀನು ಇದ್ದಷ್ಟು ದಿನದ ಬಾಡಿಗೆ ಮಾತ್ರ ಹಿಡ್ಕೋತೀನಿ. ಬಣ್ಣ ಹೊಡೆಸೋ ದುಡ್ಡೂ ಬೇಡ."

ಹೇಳಿದ್ದೇನೋ ಸರಿ, ಆದರೆ ಟೀಚರಮ್ಮ ಕೊಟ್ಟಿದ್ದ ಅಡ್ವಾನ್ಸ್ ಅಂಗಡಿಯ ಸೋರುವ ಸೂರಿಗೆ ಖರ್ಚಾಗಿ ಹೋಗಿತ್ತು. ಹೊಸಬರ ಅಡ್ವಾನ್ಸ್ ಬಂದರೇ ಹಳಬರಿಗೆ ವಾಪಸ್. ಇಸ್ತ್ರಿಯಮ್ಮ ಬಟ್ಟೆ ಕೊಡಲು ಬಂದವರಿಗೆಲ್ಲ ಗಂಟುಬಿದ್ದಳು. ವಾರದೊಳಗೆ ಹಾಲಿನ ಬೂತಿನವನು ಒಪ್ಪಿ ಅಡ್ವಾನ್ಸ್ ಕೊಟ್ಟ. ಟೀಚರಮ್ಮ ಸಾಮಾನನ್ನು ತಮ್ಮನ ಮನೆಗೆ ಸಾಗಿಸಿ ಬೀಗದ ಕೈ ಕೊಟ್ಟಳು. ಕೊನೆಯ ದಿನಗಳ ಬಾಡಿಗೆ, ಕರೆಂಟ್ ಬಿಲ್ಲು ಕಳೆದು ಉಳಿದದ್ದನ್ನು ಇಸ್ತ್ರಿಯಮ್ಮ ಅಂದೇ ಎಣಿಸಿ ಕೊಟ್ಟಳು. ಅದು ನೇರ ಆಸ್ಪತ್ರೆಗೆ ಹೋಯಿತು.

ಹಾಲಿನವನು ಒಂದನೇ ತಾರೀಖಿಗೆ ಬರುವವನಿದ್ದ. ಅದಕ್ಕೆ ಎರಡು ದಿನ ಮುಂಚೆ ಟೀಚರಮ್ಮ ಒಬ್ಬಳೇ ಬಂದಳು. ಅವಳ ಬರಿಗೊರಳು ನೋಡಿ ಇಸ್ತ್ರಿಯಮ್ಮ ಕೆಲಸ ಬಿಟ್ಟು ಹೊರಗೆ ಬಂದಳು. ಕೈ ಹಿಡಿದು ಕೂರಿಸಿದಳು.

"ಆಪರೇಷನ್‌ಗೂ ಮುಂಚೆನೇ ಹೋಗ್ಬಿಟ್ರು ಅಕ್ಕಾ. ತಮ್ಮನ ಮನೇಲಿ ಎಷ್ಟು ದಿನ ಅಂತ ಇರ್ಲಿ? ಸ್ಕೂಲೂ ಇಲ್ಲೇ." ಮೇಲಕ್ಕೆ ನೋಡಿ ಕೇಳಿದಳು, "ಮೇಲಿನ ಮನೆ ಇನ್ನೂ ಖಾಲಿ ಇದ್ಯಲ್ಲಾ?"

"ಖಾಲಿ ಇದೆ ಕಣವ್ವಾ. ಆದ್ರೆ ಹಾಲಿನ ಬೂತಿನವ್ನಿಗೆ ಕೊಟ್ಟುಬಿಟ್ಟಿದ್ದೀನಿ."

ಆದರೂ ಮನಸ್ಸು ತಡೆಯದೆ ಅವಳನ್ನು ಅಲ್ಲೇ ಕೂರಿಸಿ ಬೂತಿಗೆ ಓಡಿದಳು. ಹಾಲಿನವನು ತಲೆ ಕೆರೆದುಕೊಂಡ. "ಏನ್ ಮಾಡ್ಲಮ್ಮ? ನಾನಿರೋ ಮನೆಗೂ ಬೇರೆಯವರು ಅಡ್ವಾನ್ಸ್ ಕೊಟ್ಟಾಯ್ತು. ಮಕ್ಕಳನ್ನ ಕಟ್ಕೊಂಡು ಎಲ್ಲಿಗ್ ಹೋಗ್ಲಿ?" ಅವನದೂ ತಪ್ಪಿರಲಿಲ್ಲ. ಅವನ ದುಡ್ಡು ವಾಪಸ್ ಕೊಡೋಣವೆಂದರೆ ಕೈಯಲ್ಲಿ ಬಿಡಿಗಾಸಿಲ್ಲ. ಇಷ್ಟು ಬೇಗ ಬಾಡಿಗೆದಾರರನ್ನು ಹುಡುಕಿದೆನಲ್ಲ ಎಂದು ಬೀಗಿದ್ದ ಇಸ್ತ್ರಿಯಮ್ಮ ದಾರಿಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡಳು.

ಅವಳ ಮುಖ ನೋಡಿಯೇ ಟೀಚರಮ್ಮನಿಗೆ ಅರ್ಥವಾಯಿತು. "ಬಿಡಿ ಅಕ್ಕಾ, ನೀವೇನ್ ಮಾಡ್ತೀರ? ಒಂದ್ಸಲ ಮೇಲೆ ಹೋಗಿ ಬರ್ಲಾ?" ಎಂದು ಬೀಗದ ಕೈ ಇಸಿದುಕೊಂಡಳು.

ಸ್ವಲ್ಪ ಹೊತ್ತಿಗೆ ಮೇಲಿಂದ ಪೊರಕೆಯ ಸದ್ದು ಕೇಳಿತು. ಇಸ್ತ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಯಾರದೋ ಅಂಗಿಯಲ್ಲಿ ಮುಖ ಮುಚ್ಚಿ ಅತ್ತಳು.

ಟೀಚರಮ್ಮ ಇಳಿದು ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಗುಡಿಸಿದ್ದೀನಿ ಅಕ್ಕಾ. ಮಕ್ಕಳಿರೋರು ಬರ್ತಾರೆ."