ಖಾಲಿ ಬಂದ ಕ್ಯಾರಿಯರ್

ಆ ಹುಡುಗಿಯನ್ನು ನಾನು ಕಣ್ಣಿನಿಂದ ಕಂಡಿಲ್ಲ. ಅವಳ ದನಿ ಮಾತ್ರ ಗೊತ್ತು. ಪಾವಗಡ ಕಡೆಯ ದನಿ, ಮಾತಿನ ಕೊನೆಗೆ ಸ್ವಲ್ಪ ತೆಲುಗಿನ ಎಳೆತ. ಈಗಲೂ ಒಲೆಯ ಮೇಲೆ ಹುರುಳಿ ಬೇಯುವಾಗ ಆ ದನಿ ಕೇಳಿಸುತ್ತದೆ. ತಿರುಗಿ ನೋಡಿದರೆ ಅಡುಗೆಮನೆಯಲ್ಲಿ ನಾನೊಬ್ಬನೇ ಇರುತ್ತೇನೆ.

ಮಧುಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಊಟದ ಹೋಟೆಲು ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಒಲೆಯ ಮುಂದೆ ನಿಂತವನು, ಮಂಡಿ ಕೈಕೊಡುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಅದನ್ನು ಮುಚ್ಚಿ ಕೊಡಿಗೇನಹಳ್ಳಿಗೆ, ಗಂಡನನ್ನು ಕಳೆದುಕೊಂಡ ನನ್ನ ಅಕ್ಕನ ಮನೆಗೆ ಬಂದು ಸೇರಿಕೊಂಡೆ. ನನ್ನ ಮಗಳ ಗಂಡ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾನೆ. ಮಗಳು ಅವನ ಜೊತೆಗಿದ್ದಳು. ಅಲ್ಲಿ ಅವಳಿಗೆ ದುಡಿಯಲು ಅಡ್ಡಿ ಇರಲಿಲ್ಲ, ಕೆಲಸ ಮಾತ್ರ ಸಿಕ್ಕಿರಲಿಲ್ಲ.

ಒಂದು ದಿನ ವಿಡಿಯೊ ಕಾಲಿನಲ್ಲಿ ಅವಳೇ ಮಾತು ತೆಗೆದಳು.

"ಅಪ್ಪ, ಇಲ್ಲಿ ನಮ್ಮ ಕಡೆ ಹುಡುಗ್ರು ತುಂಬ ಅವ್ರೆ. ಓದೋರು, ಹೊಸದಾಗಿ ಕೆಲ್ಸಕ್ಕೆ ಸೇರ್ದೋರು. ಒಂದೊಂದು ರೂಮಲ್ಲಿ ಒಬ್ಬೊಬ್ರು. ಬ್ರೆಡ್ ತಿಂದು ತಿಂದು ಸಾಯ್ತಾವೆ. ವಾರಕ್ಕೊಂದ್ಸಲ ನಮ್ಮ ಸಾರು ಪಲ್ಯ ಮಾಡಿ ಕೊಟ್ರೆ ಹೆಂಗೆ?"

"ನಿಂಗೆ ಬಸ್ಸಾರು ಮಾಡಕ್ಕೆ ಬತ್ತದೇನಮ್ಮ?"

"ಬರಲ್ಲ. ಅದಕ್ಕೇ ನಿನ್ನ ಕೇಳ್ತಿರೋದು."

ಹಾಗೆ ಶುರುವಾಯಿತು. ಮನೆಯ ಅಡುಗೆಮನೆಯಿಂದ ಊಟ ಮಾರುವುದಾದರೆ ಅಲ್ಲಿನ ನಗರಸಭೆಯವರಲ್ಲಿ ಮುಂಚಿತವಾಗಿ ನೋಂದಾಯಿಸಬೇಕು. ಅವರು ಬಂದು ಫ್ರಿಜ್ಜು, ಸಿಂಕು, ಪಾತ್ರೆ ಎಲ್ಲ ನೋಡುತ್ತಾರೆ. ಯಾವುದರಲ್ಲಿ ಕಡಲೆಕಾಯಿ ಇದೆ, ಎಳ್ಳು ಇದೆ, ಸಾಸಿವೆ ಇದೆ ಎಂದು ಗಿರಾಕಿಗೆ ಮೊದಲೇ ಹೇಳಬೇಕು, ಏಕೆಂದರೆ ಕೆಲವರಿಗೆ ಅದು ಪ್ರಾಣಕ್ಕೇ ಬರುತ್ತದಂತೆ. ನಮ್ಮ ಸೀಮೆಯಲ್ಲಿ ಕಡಲೆಕಾಯಿ ಬೀಳದ ಪಲ್ಯವೇ ಇಲ್ಲ. ಇದನ್ನು ಕೇಳಿ ಅಕ್ಕ, "ಕಡ್ಲೇಕಾಯಿ ತಿಂದು ಸಾಯ್ತಾರೇನ್ಲಾ? ಹಂಗಿದ್ರೆ ಪಾವಗಡದಾಗೆ ಒಬ್ರೂ ಉಳೀತಿರ್ಲಿಲ್ಲ ಬುಡು" ಎಂದು ನಕ್ಕಿದ್ದಳು. ಮಗಳು ಮಾತ್ರ ಒಂದೊಂದು ಕ್ಯಾರಿಯರ್ ಮೇಲೂ ಚೀಟಿ ಅಂಟಿಸುತ್ತಿದ್ದಳು.

ನನಗೆ ಎರಡು ಕೆಲಸವಿತ್ತು. ಶುಕ್ರವಾರ ಫೋನನ್ನು ಡಬ್ಬಿಗೆ ಒರಗಿಸಿಕೊಂಡು ಕುಳಿತು, ಮಗಳು ಮಾಡುವುದನ್ನು ನೋಡುತ್ತ ಹೇಳಿಕೊಡುವುದು ಒಂದು. ಫೋನಿನ ಗ್ರೂಪ್ ನೋಡಿಕೊಳ್ಳುವುದು ಇನ್ನೊಂದು. ಈ ವಾರ ಏನೇನು ಎಂದು ನಾನು ಬಾಯಿಂದ ಹೇಳಿ ಕಳಿಸುತ್ತಿದ್ದೆ. ಬೇಕಾದವರು ಗುರುವಾರದೊಳಗೆ ಹೇಳಬೇಕು. ಮಗಳು ಆಮೇಲೆ ಸಾಮಾನು ತರುತ್ತಿದ್ದಳು. ಶನಿವಾರ ಅಳಿಯ ಕಾರಿನಲ್ಲಿ ಮನೆಮನೆಗೆ ಕೊಟ್ಟು ಬರುತ್ತಿದ್ದ. ಮೊದಲ ವಾರ ಮುದ್ದೆ ಕಳಿಸಿದೆವು. ತಲುಪುವ ಹೊತ್ತಿಗೆ ಗುಂಡುಕಲ್ಲಾಗಿತ್ತು. "ತಾತ, ಇದನ್ನ ತಿನ್ನೋದಾ, ಯಾರಿಗಾದ್ರೂ ಹೊಡ್ಯೋದಾ?" ಎಂದು ಸಿರಾ ಕಡೆಯ ಹುಡುಗನೊಬ್ಬ ಕೇಳಿದ. ಮುದ್ದೆ ಬಿಟ್ಟು ರಾಗಿ ರೊಟ್ಟಿಗೆ ಬಂದೆವು.

ಎಲ್ಲರೂ ನನ್ನನ್ನು ತಾತ ಎನ್ನುತ್ತಿದ್ದರು. ಮುಖ ನೋಡದವರು ತಾತ ಎಂದಾಗ ಒಂಥರಾ ಅಮಲು ಏರುತ್ತದೆ. ನನಗೂ ಏರಿತ್ತು.

ಪ್ಲಾಸ್ಟಿಕ್ ಡಬ್ಬಿ ಬೇಡವೆಂದು ಮಧುಗಿರಿಯಿಂದ ಸ್ಟೀಲ್ ಕ್ಯಾರಿಯರ್ ಕೊಂಡು ಕಳಿಸಿದ್ದೆ. ತುಂಬಿದ್ದನ್ನು ಬಾಗಿಲ ಬಳಿ ಇಟ್ಟು, ಅಲ್ಲಿಟ್ಟಿರುವ ಹಿಂದಿನ ವಾರದ್ದನ್ನು ತರುವುದು ಕ್ರಮ. ಆಗ ನಾನೇ ಒಂದು ಮಾತು ಗ್ರೂಪಿನಲ್ಲಿ ಹಾಕಿದೆ: "ನೋಡ್ರಪ್ಪ, ನಮ್ಮೂರ ಕಡೆ ಊಟ ಬಂದ ಪಾತ್ರೇನ ಖಾಲಿ ವಾಪಸ್ ಕೊಡಲ್ಲ. ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡ್ತೀವಿ."

ಹುಡುಗರಿಗೆ ಅದು ತುಂಬ ಹಿಡಿಸಿತು. ಚಾಕಲೇಟು, ಕಾಫಿ ಅಂಗಡಿಯ ಸಕ್ಕರೆ ಪೊಟ್ಟಣ, ಒಂದು ನಿಂಬೆಹಣ್ಣು, ಒಬ್ಬ ಒಂದು ಕೆಂಪು ಮರದೆಲೆ, ಹೀಗೆ ಏನಾದರೊಂದು ಬರುತ್ತಿತ್ತು. ಅದರ ಫೋಟೊ ತೆಗೆದು ಹಂಚಿಕೊಂಡರು. ಆ ಫೋಟೊಗಳನ್ನು ನೋಡಿಯೇ ಹೊಸಬರು ಗ್ರೂಪಿಗೆ ಬಂದರು. ಅದು ನಮ್ಮ ಗುರುತಾಯಿತು. ನಾನು ಬೀಗಿದೆ.

ನಾಗಲಮಡಿಕೆ ಹತ್ತಿರದ ಆ ಹುಡುಗಿ ವಾರ ತಪ್ಪಿಸಿದವಳಲ್ಲ. ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಹುರುಳಿ ಸಾರು ಇದ್ದ ವಾರವಂತೂ, "ತಾತ, ಇದು ಸೇಮ್ ಮಾ ನಾಯನ ಮಾಡೋ ಸಾರೇ! ನಮ್ಮನೇಲಿ ಸಾರು ಅವ್ರದೇ, ಅಮ್ಮಂಗೆ ಬಿಡಲ್ಲ" ಎಂದಿದ್ದಳು. ನಾಯನ ಎಂದರೆ ಅವಳ ತಂದೆ. ಅವಳ ಕ್ಯಾರಿಯರಿನಲ್ಲಿ ಯಾವಾಗಲೂ ಬೆಲ್ಲದ ಚೂರು ಇರುತ್ತಿತ್ತು. ಊರಿಂದ ತಂದಿದ್ದಂತೆ.

ಒಂದು ಶನಿವಾರ ಮಗಳು ಹೇಳಿದಳು: "ಅಪ್ಪ, ಆ ಹುಡ್ಗೀದು ಖಾಲಿ ಬಂದೈತೆ. ತೊಳ್ದು ಒರೆಸಿ ಇಟ್ಟವ್ಳೆ. ಏನೂ ಹಾಕಿಲ್ಲ."

"ಬೆಲ್ಲ ತೀರೋಗಿರ್ಬೇಕು ಬುಡಮ್ಮ" ಎಂದೆ.

ಮುಂದಿನ ವಾರದ ನಡುವೆ ಅವಳು ನನಗೊಬ್ಬನಿಗೇ ದನಿ ಕಳಿಸಿದಳು. "ತಾತ, ಈ ಭಾನುವಾರ ಒಂದೇ ಒಂದು ಎಲೆಗೆ ಆಗೋ ಅಷ್ಟು ಹುರುಳಿ ಸಾರು, ವಡೆ, ಪಾಯಸ ಮಾಡ್ಕೊಡಕ್ಕೆ ಆಗುತ್ತಾ? ನಾನೇ ಬಂದು ತಗೊಂಡು ಹೋಗ್ತೀನಿ."

ಹೋಟೆಲು ನಡೆಸಿದವನು ನಾನು. ಎಷ್ಟೋ ತಿಥಿ ಊಟ ಮಾಡಿಕೊಟ್ಟವನು. ಒಂದು ಎಲೆ ಎಂದಳು, ವಡೆ ಪಾಯಸ ಎಂದಳು, ಅದರ ಜೊತೆಗೆ ಹುರುಳಿ ಸಾರು ಎಂದಳು. ಹಬ್ಬದ ಊಟವಾದರೆ ಹುರುಳಿ ಯಾಕೆ? ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುತ್ತೇವೆ, ಅದಕ್ಕೆ. ನನ್ನ ಕಿವಿಗೆ ಇದು ಬೀಳಬೇಕಿತ್ತು. ಬೀಳಲಿಲ್ಲ. "ಶನಿವಾರ ಬಿಟ್ರೆ ಇಲ್ಲಮ್ಮ, ಒಬ್ಬರಿಗೆ ಒಲೆ ಹಚ್ಚಕ್ಕಾಗಲ್ಲ" ಎಂದೆ. ಮಗಳಿಗೆ ಹೇಳಲೂ ಇಲ್ಲ.

ಆ ಶನಿವಾರವೂ ಅವಳ ಕ್ಯಾರಿಯರ್ ಖಾಲಿ ಬಂತು. ಒಬ್ಬರಿಗೆ ಒಲೆ ಹಚ್ಚಲಿಲ್ಲ ಎಂದು ಸೇಡು ತೀರಿಸುತ್ತಿದ್ದಾಳೆ ಅಂದುಕೊಂಡೆ. ಪದ್ಧತಿ ಕಲಿಸಿದವನಿಗೇ ಅವಮಾನ ಎನಿಸಿತು. ಗ್ರೂಪಿನಲ್ಲಿ, ಎಲ್ಲರೂ ಕೇಳುವ ಹಾಗೆ, ನಗುತ್ತಲೇ ಹೇಳಿದೆ: "ನಾಗಲಮಡಿಕೆ ಅಮ್ಮಯ್ಯ, ನಿಮ್ಮನೇಲಿ ಚಿಟಿಕೆ ಸಕ್ಕರೆಗೂ ಬರ ಬಂತಾ? ಎರಡು ವಾರದಿಂದ ಕ್ಯಾರಿಯರ್ ಸತ್ತವರ ಮನೆಯಿಂದ ಬಂದಂಗೆ ಬತ್ತಾ ಐತಲ್ಲ!"

ಹುಡುಗರು ನಗುವ ಮುಖಗಳನ್ನು ಹಾಕಿದರು. ಸಾಲಾಗಿ ಹಳದಿ ಮುಖಗಳು. ಅವುಗಳ ಕೆಳಗೆ ಅವಳ ಎರಡು ಪದ: "ಸರಿ ತಾತ." ಅದರ ಕೆಳಗೆ, ಅವಳು ಗ್ರೂಪಿನಿಂದ ಹೊರಗೆ ಹೋದಳೆಂದು ಫೋನೇ ತೋರಿಸಿತು.

"ಹೋದ್ರೆ ಹೋಗ್ಲಿ, ಮೂಗಿನ ತುದೀಲಿ ಕೋಪ" ಎಂದು ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. "ಏನಂದೆ ಆ ಮಗೀಗೆ?" ಎಂದಳು. ಹೇಳಿದೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಲೇ, ಸೂತಕದ ಮನೆಯಿಂದ ಪಾತ್ರೆಗೆ ಏನೂ ಹಾಕಿ ಕಳಿಸಂಗಿಲ್ಲ, ಮರ್ತ್ಯಾ? ಸತ್ತವರ ಮನೆಯಿಂದ ಬಂದಂಗೆ ಅಂತ ನೀನೇ ಬಾಯ್ಬುಟ್ಟು ಅಂದಿದ್ದೀಯ. ಯಾಕೆ ಖಾಲಿ ಅಂತ ಕೇಳಿದ್ಯೇನ್ಲಾ?"

ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ. ಹಾಗೆಲ್ಲ ಇರಲಾರದು ಎಂದು ನನಗೆ ನಾನೇ ಹೇಳಿಕೊಂಡು ಒಂದು ವಾರ ಕಳೆದೆ.

ಮುಂದಿನ ಶನಿವಾರ ಆ ಹುಡುಗಿಯ ಕ್ಯಾರಿಯರ್ ತರಲು ಮಗಳೇ ಹೋದಳು. ಬಾಗಿಲು ತೆಗೆದವಳು ಅದೇ ಮನೆಯ ಇನ್ನೊಂದು ರೂಮಿನ ಹುಡುಗಿ. ಅವಳಿಂದ ತಿಳಿದದ್ದನ್ನು ಮಗಳು ಫೋನಿನಲ್ಲಿ ಹೇಳಿದಳು. ಅಳುತ್ತಿದ್ದಳು.

ನಾಗಲಮಡಿಕೆ ಹುಡುಗಿಯ ತಂದೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಆ ಹುಡುಗಿ ವೀಸಾ ಬದಲಿಸಲು ಅರ್ಜಿ ಹಾಕಿದ್ದಳು. ಅದು ತೀರ್ಮಾನವಾಗುವ ಮೊದಲು ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಅದರ ಜೊತೆ ಕೆಲಸವೂ. ಬರಬೇಡ ಎಂದು ತಾಯಿಯೇ ಹೇಳಿದರಂತೆ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳಂತೆ. ಆ ಚಿಕ್ಕ ರೂಮಿನಲ್ಲಿ ಒಬ್ಬಳೇ ಸೂತಕ ಹಿಡಿದಳು. ನಾನು ಗ್ರೂಪಿನಲ್ಲಿ ಮಾತನಾಡಿದ್ದು ತಿಥಿಯ ಹಿಂದಿನ ದಿನ.

"ಆವತ್ತು ಕೊಟ್ಟ ಊಟ ಮುಟ್ಟಲಿಲ್ವಂತೆ ಅಪ್ಪ. ಮಾರನೆ ದಿನ ಎರಡು ಬ್ರೆಡ್ಡಿಗೆ ತುಪ್ಪ ಸವರಿ ಕಿಟಕಿ ಹೊರಗೆ ಎಡೆ ಇಟ್ಟಳಂತೆ. ಕಾಗೆ ಬರ್ಲಿಲ್ವಂತೆ. ಕತ್ತಲಾಗೋವರೆಗೂ ಕಿಟಕೀಲೇ ಕೂತಿದ್ದಳಂತೆ. ನಾಯನಂಗೆ ಬ್ರೆಡ್ ಸೇರ್ತಿರ್ಲಿಲ್ಲ, ಅದಕ್ಕೇ ಬರ್ಲಿಲ್ಲ ಅಂತ ಅಂದ್ಲಂತೆ."

"ಈಗ ಎಲ್ಲವ್ಳೆ?"

"ಅದೇ ಕೆಲ್ಸದ ಮೇಲೆ ಬೇರೆ ಊರಿಗೆ ಹೋದ್ಲಂತೆ. ಕ್ಯಾರಿಯರ್ ಇಟ್ಟು ಹೋಗವ್ಳೆ."

"ಅದ್ರಾಗೆ ಏನಾದ್ರೂ..."

"ಬೆಲ್ಲ ಐತೆ ಅಪ್ಪ. ಸೂತಕ ಮುಗೀತಲ್ಲ."

ನಾನು ತಪ್ಪು ಒಪ್ಪಿಕೊಂಡು ಅವಳಿಗೆ ದನಿ ಕಳಿಸಿದೆ. ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಕಳಿಸಿದ ದನಿಯನ್ನು ಅವರು ಕೇಳಿದರೆ ಅದರ ಪಕ್ಕದ ಮೈಕಿನ ಗುರುತು ನೀಲಿಯಾಗುತ್ತದೆ. ಅದು ತಲುಪಿದೆ. ನೀಲಿಯಾಗಿಲ್ಲ.

ಫೋನಿನ ಕೆಲಸವನ್ನು ಅವತ್ತೇ ಮಗಳಿಗೆ ಒಪ್ಪಿಸಿದೆ. ಊಟ ನಡೆಯುತ್ತಿದೆ, ಹುಡುಗರು ಈಗಲೂ ಪಾತ್ರೆಯಲ್ಲಿ ಏನಾದರೂ ಹಾಕಿ ಕೊಡುತ್ತಾರೆ. ಮಗಳು ಒಂದು ಬದಲಾವಣೆ ಮಾಡಿದ್ದಾಳೆ: ಪಾತ್ರೆ ಖಾಲಿ ಇದ್ದರೆ ಅಳಿಯ ಬಾಗಿಲು ತಟ್ಟಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿಯೇ ಬರಬೇಕು. ಅಷ್ಟನ್ನು ನಾನು ಮೊದಲ ಶನಿವಾರವೇ ಮಾಡಿಸಬಹುದಿತ್ತು.

ಆಮೇಲೆ ಒಂದು ದಿನ ಹುರುಳಿ ಸಾರು, ವಡೆ, ಪಾಯಸ ಮಾಡಿ, ಕ್ಯಾರಿಯರಿಗೆ ತುಂಬಿ ನಾಗಲಮಡಿಕೆ ಕಡೆಗೆ ಬಸ್ಸು ಹತ್ತಿದೆ. ಮಗಳು ವಿದೇಶದಲ್ಲಿದ್ದಾಳೆ, ಯಜಮಾನರು ಈಚೆಗೆ ತೀರಿಕೊಂಡರು ಎಂದು ವಿಚಾರಿಸಿದಾಗ ಮನೆ ತೋರಿಸಿದರು. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಆ ತಾಯಿ ನನ್ನ ದನಿ ಕೇಳಿದ ಕೂಡಲೇ, "ಮೀರು ಊಟದ ತಾತ ಅಲ್ವಾ?" ಎಂದರು. ತೆಲುಗಿನಲ್ಲಿ ಮೀರು ಎಂದರೆ ನೀವು. ಮಗಳು ನನ್ನ ದನಿಯನ್ನು ಅವರಿಗೆ ಕೇಳಿಸುತ್ತಿದ್ದಳಂತೆ. ಹುರುಳಿ ಸಾರಿಗೆ ಏನೇನು ಹಾಕುತ್ತೇವೆಂದು ನಾನು ಹೇಳಿದ್ದನ್ನು ಯಜಮಾನರೂ ಕೇಳಿ, "ವಗ್ಗರಣೆಗೆ ಬೆಳ್ಳುಳ್ಳಿ ಸಾಲ್ದು ಅಂತ ಹೇಳು ಆಯಪ್ಪಂಗೆ" ಎಂದು ನಕ್ಕಿದ್ದರಂತೆ. "ಅಷ್ಟು ದೂರದಾಗೆ ಕೂಸಿಗೆ ಒಬ್ಬರು ಅವ್ರೆ ಅಂತ ನೆಮ್ಮದಿ ಇತ್ತು ಸಾಮಿ" ಎಂದರು ತಾಯಿ.

ಕ್ಯಾರಿಯರನ್ನು ಮಾತ್ರ ಅವರ ಮುಂದಿಟ್ಟೆ. ಅವರ ಆ ನೆಮ್ಮದಿಯನ್ನೂ ಕಿತ್ತುಕೊಳ್ಳಲು ಧೈರ್ಯ ಬರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಇನ್ನೊಮ್ಮೆ ತಾತ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ ಹೋಗಿರಲಿಲ್ಲ.

ನಾನು ತಂದಿದ್ದನ್ನು ಅವರು ಎಲೆಯ ಮೇಲೆ ಬಡಿಸಿ ಯಜಮಾನರ ಫೋಟೊ ಮುಂದೆ ಇಟ್ಟರು. ಕ್ಯಾರಿಯರ್ ತೊಳೆದು, ಹುರಿದ ಕಡಲೆಕಾಯಿ ತುಂಬಿ ನನ್ನ ಕೈಗೆ ಕೊಟ್ಟರು. "ಖಾಲಿ ಕೊಡಬಾರದಂತಲ್ಲ, ಮೀರೇ ಹೇಳಿದ್ರಂತೆ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಳ್ಳಕ್ಕೆ ಇಳಿದಾಗಲೆಲ್ಲ ಕಾಳು ಒಳಗೆ ಗಲಗಲ ಎನ್ನುತ್ತಿತ್ತು. ಮನೆಗೆ ಬಂದು ಗೂಡಿನಲ್ಲಿಟ್ಟೆ. ಮುಚ್ಚಳ ತೆಗೆದಿಲ್ಲ. ಕಾಳಿಗೆ ಮುಗ್ಗು ಹಿಡಿಯುತ್ತದೆ ಎಂದು ಅಕ್ಕ ಬೈಯುತ್ತಾಳೆ. ಹಿರಿಯರ ಅಮಾವಾಸ್ಯೆಯ ದಿನ ನಮ್ಮವರ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕುತ್ತೇನೆ. ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕುತ್ತೇನೆ. ಕಾಗೆಗಳು ನಮ್ಮವರ ಎಲೆಗೂ ಬರುತ್ತವೆ, ಆ ಎಲೆಗೂ ಬರುತ್ತವೆ. ಅವು ತಿಂದು ಹಾರಿದ ಮೇಲೆ ಒಳಗೆ ಬಂದು ಫೋನು ತೆಗೆದು ಆ ಮೈಕಿನ ಗುರುತನ್ನು ನೋಡುತ್ತೇನೆ.