ಅವ್ವನ ಅರವತ್ತು ಗ್ರಾಂ ಬಂಗಾರ

ಬಂಗಾರದ ಬಗ್ಗೆ ನನ್ನನ್ನು ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಆಂಧ್ರದ ಗಡಿಯ ಆದೋನಿಯ ಬ್ಯಾಂಕೊಂದರ ಕೌಂಟರಿನ ಹಿಂದೆ ಕೂತು ಕೂತು ಸೊಂಟ ಬಿದ್ದುಹೋದವಳು ನಾನು. ಒಡವೆಯಲ್ಲಿ ಮಜೂರಿ ಎಷ್ಟು ಹೋಗುತ್ತದೆ, ಫೋನಿನಲ್ಲಿ ಕೊಳ್ಳುವ ಡಿಜಿಟಲ್ ಚಿನ್ನದಲ್ಲಿ ಎಲ್ಲಿ ಕೈ ಸುಡುತ್ತದೆ, ಗೋಲ್ಡ್ ಫಂಡಿನವರು ಖರ್ಚಿಗೆಂದು ವರ್ಷವರ್ಷ ಎಷ್ಟು ಮುರಿದುಕೊಳ್ಳುತ್ತಾರೆ, ಸರ್ಕಾರದ ಬಾಂಡು ಯಾಕೆ ಮೇಲು, ಎಲ್ಲ ಬಾಯಿಪಾಠ. ಇಷ್ಟೆಲ್ಲ ತಿಳಿದವಳೇ ಹೆತ್ತ ಅವ್ವನ ಬಂಗಾರ ನುಂಗಿಸಿದೆ. ನುಂಗಿದವನು ತಮ್ಮ, ತುತ್ತು ಮಾಡಿ ಬಾಯಿಗಿಟ್ಟವಳು ನಾನು.

ಅವ್ವನ ಹತ್ತಿರ ಎಂಬತ್ತು ಗ್ರಾಂ ಒಡವೆ ಇತ್ತು. ಕೊರಳಿನ ಒಂದು ಬೋರಮಾಳ, ಕೈಯ ಎರಡು ಪಾಟಲಿ, ಕಲ್ಲಿನ ಪದಕದ ಒಂದು ಸರ. ಎಲ್ಲ ತವರಿನಿಂದ ತಂದದ್ದು. ನಮ್ಮ ಮಂದಿಯಲ್ಲಿ ಹೊಲ, ಅಂಗಡಿ ಗಂಡುಮಗನಿಗೆ. ತಾಯಿಯ ಒಡವೆ ಹೆಣ್ಣುಮಕ್ಕಳಿಗೆ. ಅಪ್ಪ ತೀರಿದ ಮೇಲೆ ಹತ್ತಿ ವ್ಯಾಪಾರದ ಅಂಗಡಿಯೂ ಪೆದ್ದಹರಿವಾಣದ ಹೊಲವೂ ತಮ್ಮನಿಗೆ ಹೋದವು. ನಾನು ಮತ್ತು ಕೋಸಗಿಗೆ ಕೊಟ್ಟ ನನ್ನ ತಂಗಿ ತುಟಿ ಪಿಟಕ್ಕೆನ್ನದೆ ಸಹಿ ಹಾಕಿ ಕೊಟ್ಟೆವು. ನಮಗೆ ಉಳಿದದ್ದು ಆ ಒಡವೆ ಒಂದೇ. ಅದರ ಪಾಲು ಹೇಗೆ ಎಂಬುದು ಅವ್ವನ ದೊಡ್ಡ ತಲೆನೋವಾಗಿತ್ತು. ಬೋರಮಾಳ ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳ ಅತ್ತೆಯ ಮನೆಯಲ್ಲಿ ಮಾತು ಹುಟ್ಟುತ್ತದೆ, ಕತ್ತರಿಸಿ ಕೊಡಲು ಅದೇನು ಹೋಳಿಗೆಯೇ?

ಹೀಗಿರುವಾಗ ಬ್ಯಾಂಕಿನಲ್ಲಿ ಬಂಗಾರದ ಬಾಂಡಿನ ಮಾರಾಟ ಬಂತು. ಆಗ ಸರ್ಕಾರ ಅದನ್ನು ಬಿಟ್ಟು ಬಿಟ್ಟು ಮಾರುತ್ತಿತ್ತು, ಪ್ರತಿ ಸಲವೂ ಐದೇ ದಿನ. ಸೋಮವಾರ ತೆರೆದರೆ ಶುಕ್ರವಾರ ಬಂದ್. ಒಬ್ಬೊಬ್ಬರೂ ಇಷ್ಟು ಗ್ರಾಂ ಮಾರಲೇಬೇಕೆಂದು ಮ್ಯಾನೇಜರರು ಬೆನ್ನು ಹತ್ತಿದ್ದರು. ನನ್ನ ಕಣ್ಣು ಅವ್ವನ ಅಲಮಾರಿನ ಮೇಲೆ ಬಿತ್ತು. ಎಲ್ಲ ಅವ್ವನ ಒಳ್ಳೆಯದಕ್ಕೇ ಎಂದು ಮನಸ್ಸಿಗೆ ಹೇಳಿಕೊಂಡೆ. ಮ್ಯಾನೇಜರರು ಹೇಳಿದ ಗ್ರಾಂ ಗುರಿಯೂ ಮುಟ್ಟುತ್ತದೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

"ಕಾಗದ ಕೊರಳಾಗ ಹಾಕ್ಕೊಂಡು ಮದುವಿಗೆ ಹೋಗ್ಲೇನ?" ಒಡವೆ ಮಾರಿ ಆ ದುಡ್ಡಿಗೆ ಬಾಂಡು ಕೊಳ್ಳೋಣ ಅಂದದ್ದಕ್ಕೆ ಅವ್ವ ಮೊದಲಿಗೇ ಕೇಳಿದಳು.

"ನೀ ಒಡವಿ ಹಾಕ್ಕೊಂಡು ಎಷ್ಟು ವರ್ಷ ಆತು ಹೇಳು? ಸುಮ್ನ ಅಲಮಾರ್ಯಾಗ ಬಿದ್ದೈತಿ. ಬಾಂಡ್ ತಗೊಂಡ್ರ ವರ್ಷಕ್ಕ ಎರಡೂವರಿ ಪರ್ಸೆಂಟ್ ಬಡ್ಡಿ ಬರ್ತೈತಿ. ಎಂಟು ವರ್ಷಕ್ಕ ಅವತ್ತಿನ ಬಂಗಾರದ ರೇಟು ಎಷ್ಟೈತೋ ಅಷ್ಟು ಕೊಡ್ತಾರ. ಬೇಕಂದ್ರ ಐದು ವರ್ಷಕ್ಕ ಬಿಡಿಸಬೌದು. ಮಜೂರಿ ಇಲ್ಲ, ಕಳ್ಳರ ಅಂಜಿಕಿ ಇಲ್ಲ."

ಅವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಅವಳ ತಲೆನೋವಿಗೇ ಕೈ ಹಾಕಿದೆ.

"ಬಾಂಡ್ ಗ್ರಾಂ ಲೆಕ್ಕದಾಗ ಇರ್ತೈತವ್ವ. ಕಲ್ಲು ಗಿಲ್ಲು ಕಳೆದು ಅರವತ್ತು ಗ್ರಾಂ ಬಂತು ಅಂದ್ರ ನನಗ ಮೂವತ್ತು, ಆಕಿಗಿ ಮೂವತ್ತು. ಗುಲಗಂಜಿಯಷ್ಟು ಹೆಚ್ಚು ಕಡಿಮಿ ಆಗಂಗಿಲ್ಲ."

ಅವ್ವ ಎದ್ದು ಅಲಮಾರು ತೆಗೆದಳು.

ಗುರುವಾರ ಒಡವೆ ಅಂಗಡಿಗೆ ಹೋದೆವು. ತಮ್ಮ ತನ್ನ ಗಾಡಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಬಂದ. ಅಂಗಡಿಯವರು ಪದಕದ ಕಲ್ಲು ಕಿತ್ತು ಬೇರೆ ಇಟ್ಟರು. ಬೋರಮಾಳದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಬೆಂಕಿಗೆ ಹಿಡಿದಾಗ ಅದು ಕರಗಿ ಹೊಗೆ ಎದ್ದಿತು. ಅವ್ವ ಸೆರಗನ್ನು ಮೂಗಿಗೆ ಹಿಡಿದು ನೋಡುತ್ತಲೇ ನಿಂತಳು. ಕಲ್ಲು, ಅರಗು ಹೋಗಿ ಅರವತ್ತೊಂಬತ್ತು ಗ್ರಾಂ ಉಳಿಯಿತು. ಅದೂ ಇಪ್ಪತ್ತೆರಡು ಕ್ಯಾರೆಟ್ಟಿನದು. ಬಾಂಡಿನ ಲೆಕ್ಕ ಅಪ್ಪಟ ಚಿನ್ನದ್ದು. ಅಂಗಡಿಯವರ ಕಡಿತವೂ ಸೇರಿ, ಬಂದ ದುಡ್ಡಿಗೆ ಅರವತ್ತು ಗ್ರಾಂ ಬಾಂಡು ಸಿಗುವಂತಾಯಿತು. ದುಡ್ಡು ಹೆಚ್ಚುಕಡಿಮೆ ಮೂರು ಲಕ್ಷ.

"ಚೆಕ್ ಯಾರ ಹೆಸರಿಗೆ ಅಮ್ಮಾ? ಪ್ಯಾನ್ ಕಾರ್ಡ್ ಉಂದಾ?" ಅಂಗಡಿಯವರು ತೆಲುಗು ಬೆರೆಸಿ ಕೇಳಿದರು.

ಅವ್ವನಿಗೆ ಪ್ಯಾನ್ ಕಾರ್ಡ್ ಇರಲಿಲ್ಲ. ಅದಿಲ್ಲದೆ ಬಾಂಡಿನ ಅರ್ಜಿಯನ್ನೂ ತೆಗೆದುಕೊಳ್ಳುವಂತಿಲ್ಲ. ದಿನಕ್ಕೆ ಹತ್ತು ಮಂದಿಗೆ ಇದನ್ನೇ ಹೇಳಿ ವಾಪಸ್ ಕಳಿಸುತ್ತಿದ್ದವಳಿಗೆ ಸ್ವಂತ ಅವ್ವನ ವಿಷಯ ಹೊಳೆಯಲೇ ಇಲ್ಲ. ಮುಂದಿನ ಮಾರಾಟಕ್ಕೆ ಕಾಯಬಹುದಿತ್ತು. ಆದರೆ ಬಂಗಾರ ಆಗಲೇ ಕರಗಿತ್ತು, ಮರುದಿನ ಶುಕ್ರವಾರ. ನನ್ನ ಹೆಸರಿಗೆ ಬರೆಸಲು ನನಗೇ ಅಂಜಿಕೆ. ಬ್ಯಾಂಕಿನ ಮಗಳು ತಂಗಿಯ ಪಾಲನ್ನೂ ಹೊಡೆದಳು ಎಂದು ಕೋಸಗಿಯಲ್ಲಿ ಆಡಿಕೊಳ್ಳುತ್ತಾರೆ. ತಂಗಿಯ ಹೆಸರಿಗೆ ಬರೆಸಿದರೆ ನನ್ನ ಗಂಡನ ಮನೆಯವರ ಬಾಯಿ ಮುಚ್ಚುವವರಾರು?

"ಗಂಡುಮಗ ಇದಾನಲ್ಲ, ಅವನ ಹೆಸರೀಲೆ ಇರ್ಲಿ. ನಿಮ್ಮಿಬ್ಬರ ನಡುವ ಜಗಳ ಬ್ಯಾಡ," ಅವ್ವ ಅಂದಳು.

ಪಾಲೇ ಇಲ್ಲದವನು ಕಾವಲಿಗೆ ಇರಲಿ ಎಂಬುದು ನಮ್ಮ ಜಾಣತನ. ಚೆಕ್ ಅವನ ಹೆಸರಿಗೆ ಆಯಿತು. ಶುಕ್ರವಾರ ಅರ್ಜಿಯನ್ನು ನಾನೇ ತುಂಬಿದೆ, ಗುಂಡು ಗುಂಡು ಅಕ್ಷರದಲ್ಲಿ. ನಾಮಿನಿ ಯಾರು ಎಂದು ಕೇಳಿದೆ. ಅವನು ಹೆಂಡತಿಯ ಹೆಸರು ಹೇಳಿದ. ಅದನ್ನೂ ಬರೆದೆ! ಅವ್ವನ ಪ್ಯಾನ್ ಮಾಡಿಸಿ ಬಾಂಡನ್ನು ಅವಳ ಹೆಸರಿಗೆ ವರ್ಗ ಮಾಡಿಸಿದರಾಯಿತು ಎಂದುಕೊಂಡೆ. ಹಾಗೆ ವರ್ಗ ಮಾಡಲು ದಾರಿಯೂ ಇತ್ತು. ಇವತ್ತು ನಾಳೆ ಎನ್ನುತ್ತ ಮಾಡಿಸಲಿಲ್ಲ. ನನ್ನ ಸೋಮಾರಿತನಕ್ಕೆ ಬೆಂಕಿ ಬೀಳಲಿ.

ಅದೇ ವರ್ಷ ತಂಗಿ ಫೋನಿನಲ್ಲಿ ಚಿನ್ನ ಕೊಳ್ಳಲು ಶುರುಮಾಡಿದಳು. ಹಾಲು ಮಾರಿದ ದುಡ್ಡಿನಲ್ಲಿ ವಾರಕ್ಕೆ ನೂರು, ಇನ್ನೂರು. ಅದನ್ನು ಕೇಳಿ ಅವಳಿಗೆ ಮಂಗಳಾರತಿ ಮಾಡಿದೆ.

"ಕೊಳ್ಳುವಾಗಲೇ ಮೂರು ಪರ್ಸೆಂಟ್ ಜಿಎಸ್‌ಟಿ ಹೋಗ್ತೈತಿ. ಮಾರುವಾಗ ಕೊಳ್ಳೋ ರೇಟಿಗಿಂತ ಕಡಿಮಿ ರೇಟು ಕೊಡ್ತಾರ. ಬಡ್ಡಿ ಅಂತೂ ಇಲ್ಲೇ ಇಲ್ಲ. ಆ ಕಂಪನಿ ಬಾಗಿಲಾ ಹಾಕಿದ್ರ ಯಾರನ್ನ ಕೇಳ್ತಿ? ಷೇರು, ಫಂಡಿಗೆ ಇದ್ದಂಗ ಇದಕ್ಕ ಸರ್ಕಾರದ ಕಾವಲು ಇಲ್ಲ. ಹುಚ್ಚಿ ಅದೀ ನೀನು. ನನ್ನಂಗ ಗೋಲ್ಡ್ ಫಂಡಿಗಾದ್ರೂ ತಿಂಗಳಾ ತಿಂಗಳಾ ಹಾಕು."

"ನಿನಗ ಎಲ್ಲ ತಿಳೀತೈತಕ್ಕ. ನನಗ ಫೋನ್ ಒತ್ತಿದ್ರ ನಂದು ಎಷ್ಟೈತಿ ಕಾಣ್ತೈತಿ, ಅಷ್ಟು ಸಾಕು," ಎಂದಳು.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಮುಂದೆ ಗಂಡನ ಆಪರೇಷನ್ನಿಗೆ ಬೇಕಾದಾಗ ಅವಳು ಅದನ್ನು ಯಾರನ್ನೂ ಕೇಳದೆ ಮಾರಿದಳು, ದುಡ್ಡು ಅವಳ ಖಾತೆಗೇ ಬಂತು. ನನ್ನ ಫಂಡು ನನ್ನ ಹೆಸರಿನಲ್ಲಿ ಭದ್ರವಾಗಿ ಇದೆ, ನನ್ನ ವಿಷಯದಲ್ಲಿ ನಾನು ಎಚ್ಚರ ತಪ್ಪಿದವಳಲ್ಲ. ನಡುವೆ ಬೆಪ್ಪಾದವಳು ಅವ್ವ ಒಬ್ಬಳೇ.

ಬಾಂಡಿನ ಬಡ್ಡಿ ಆರು ತಿಂಗಳಿಗೊಮ್ಮೆ ತಮ್ಮನ ಖಾತೆಗೆ ಬೀಳುತ್ತಿತ್ತು. ಮೊದಲ ಎರಡು ಸಲ ತಂದು ಅವ್ವನ ಕೈಗಿಟ್ಟ. ಮೂರನೆಯ ಸಲ ಮರೆತ. ಆಮೇಲೆ ಮರೆಯುವುದೇ ರೂಢಿಯಾಯಿತು. ಇತ್ತ ಬಂಗಾರದ ರೇಟು ಏರುತ್ತ ಹೋಗಿ ಐದು ವರ್ಷಕ್ಕೆ ಎರಡು ಪಟ್ಟು ದಾಟಿತು. ಹೊಸ ಬಾಂಡು ಮಾರುವುದನ್ನೂ ಸರ್ಕಾರ ನಿಲ್ಲಿಸಿತ್ತು. ನೋಡವ್ವ, ಹೇಳಿದ್ದೆನೋ ಇಲ್ಲವೋ ಎಂದು ನಾನು ಬೀಗಿದ್ದೇ ಬೀಗಿದ್ದು.

ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಮೊಮ್ಮಗಳ ಕೈಗೆ ಮೂವತ್ತು ಗ್ರಾಮಿನ ಪಾಟಲಿ ಹಾಕಬೇಕು, ಬೀಗರ ಮುಂದೆ ಹೇಳಿಬಿಟ್ಟಿದ್ದೇನೆ ಎಂದು ಅವ್ವ ಪಟ್ಟು ಹಿಡಿದಳು. ಐದು ವರ್ಷ ತುಂಬಿತ್ತು. ಬಡ್ಡಿ ಬೀಳುವ ದಿನಕ್ಕೆ ತಿಂಗಳು ಮುಂಚೆ ಅರ್ಜಿ ಕೊಟ್ಟರೆ ಬಾಂಡು ಬಿಡಿಸಬಹುದು. ನಾನೇ ಅರ್ಜಿ ತಂದೆ, ತಮ್ಮ ಕೂತಲ್ಲೇ ಸಹಿ ಹಾಕಿದ. ಹಿಂದಿನ ಮೂರು ದಿನದ ಸರಾಸರಿ ರೇಟಿನಲ್ಲಿ ಅರವತ್ತು ಗ್ರಾಮಿನ ದುಡ್ಡು ಪೈಸೆ ಬಿಡದೆ ಬಂತು. ಬಂದದ್ದು ಅವನ ಖಾತೆಗೆ. ವಾರವಾಯಿತು, ಹತ್ತು ದಿನವಾಯಿತು, ಅವನು ಮಾತೆತ್ತಲಿಲ್ಲ. ಅವ್ವನನ್ನೂ ತಂಗಿಯನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದೆ.

ಅವನು ಮೊದಲೇ ಬರೆದಿಟ್ಟ ಚೆಕ್ಕನ್ನು ಅವ್ವನ ಮುಂದೆ ಇಟ್ಟ. ಮೂರು ಲಕ್ಷ.

"ಉಳಿದದ್ದು?" ನಾನು ಕೇಳಿದೆ.

"ಯಾವ ಉಳಿದದ್ದಕ್ಕ? ಅವ್ವ ನನಗ ಕೊಟ್ಟಿದ್ದು ಮೂರು ಲಕ್ಷ. ಮೂರು ಲಕ್ಷ ವಾಪಸ್ ಕೊಟ್ಟೀನಿ."

"ಬಂಗಾರ ಕೊಟ್ಟಾಳೋ ಆಕಿ! ಅರವತ್ತು ಗ್ರಾಂ!"

"ಬಂಗಾರ ಕೊಟ್ಟಿದ್ದು ಅಂಗಡಿಯವ್ರಿಗಿ. ನನಗ ಕೊಟ್ಟಿದ್ದು ಚೆಕ್. ಬಾಂಡ್ ನನ್ನ ಹೆಸರೀಲೆ ತಗೊಂಡೀನಿ, ನಂದು. ನೀನೇ ಬ್ಯಾಂಕಿನಾಕಿ, ನಿನಗ ನಾ ಹೇಳ್ಬೇಕೇನ?"

ನಾಚಿಕೆ ಇಲ್ಲವೇನೋ, ಹೊಲ ತಿಂದೆ, ಅಂಗಡಿ ತಿಂದೆ, ಹೆತ್ತವಳ ಕೊರಳಿನದೂ ಬೇಕಾಯಿತೇ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಫೋನ್ ನೋಡುತ್ತ ಕೂತ. ತಂಗಿ ಅಳುತ್ತಿದ್ದಳು. ಅದು ಅವ್ವನ ಬಂಗಾರ ಎನ್ನಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಮಾರಿದ ರಸೀದಿಯೂ ಅವನ ಹೆಸರಿನಲ್ಲೇ. ಕೋರ್ಟಿಗೆ ಹೋಗೋಣ ಅಂದೆ.

"ಮಗನ ಮ್ಯಾಲ ಕೋರ್ಟಿಗೆ ಹೋಗಾಕಿ ಅಲ್ಲ ನಾನು," ಅವ್ವ ಚೆಕ್ಕನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ನನ್ನ ಪಾಲು ನನಗೆ ಬೇಡ, ಎಲ್ಲ ಮೊಮ್ಮಗಳಿಗೇ ಹಾಕು ಎಂದು ದಾರಿಯಲ್ಲಿ ಹೇಳಿದೆ. ಅವಳು ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ತಮ್ಮನ ಮನೆಯಲ್ಲೇ ಉಂಡಳು, ಅವನಿಗೆ ರೊಟ್ಟಿಯನ್ನೂ ಬಡಿದು ಕೊಟ್ಟಳು.

ಮದುವೆಗೆ ವಾರ ಇರುವಾಗ ಒಡವೆ ಅಂಗಡಿಗೆ ಹೋದೆವು, ಅವ್ವ, ತಂಗಿ, ನಾನು. ಮಜೂರಿ, ಜಿಎಸ್‌ಟಿ ಎಲ್ಲ ಹಿಡಿದು ಆ ಮೂರು ಲಕ್ಷಕ್ಕೆ ಬಂದದ್ದು ಇಪ್ಪತ್ತೆರಡು ಗ್ರಾಮಿನ ಒಂದು ಜೊತೆ ಪಾಟಲಿ. ಒತ್ತಿದರೆ ಬಾಗುವಂತಿದ್ದವು. ಬೀಗರು ತಿರುಗಿಸಿ ನೋಡಿದರೆ ತಿಳಿಯುತ್ತದೆ ಎಂದು ತಂಗಿ ಮೆಲ್ಲಗೆ ಅಂದಳು. ಅವ್ವ ಕೇಳಿಸಲಿಲ್ಲವೆಂಬಂತೆ ಅವುಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

ಬಿಲ್ಲು ಬರೆಯುವವರು ನನ್ನ ಗುರುತಿನವರು, ಅವರ ಖಾತೆ ನಮ್ಮ ಬ್ಯಾಂಕಿನಲ್ಲೇ ಇದೆ. ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

"ಮೇಡಂ, ಬಿಲ್ ಯಾರ ಹೆಸರಿಗೆ ಬರೀಲಿ?"

ನಾನು ಬಾಯಿ ತೆರೆದೆ. ಅವ್ವ ನನ್ನ ಮುಖ ನೋಡಲಿಲ್ಲ.

"ಆಕಿನ್ನ ಕೇಳಬ್ಯಾಡ್ರಿ," ಅಂದಳು.